ಎದುರುಬದುರು ಎರಡು ಬಟ್ಟೆ ಅಂಗಡಿ, ಇಳಿಯುತ್ತಲೇ ಇರುವ ಬೆಲೆ: ಗೇಮ್ ಥಿಯರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅರ್ಥಶಾಸ್ತ್ರ ಪಾಠ ಹೇಳುವವನು. ಗೇಮ್ ಥಿಯರಿ ಶುರುಮಾಡುವ ದಿನ ಕರಿಹಲಗೆಯ ಮೇಲೆ ಒಂದು ಪೇಟೆ ಬೀದಿ ಬರೆಯುತ್ತೇನೆ. ಬೀದಿಯ ಒಂದು ಪಕ್ಕ ಮೂಡಲ ಅಂಗಡಿ, ಇನ್ನೊಂದು ಪಕ್ಕ ಪಡುವಲ ಅಂಗಡಿ. ಎರಡೂ ಸೀರೆ ಅಂಗಡಿಗಳು. ಒಬ್ಬರು ರಿಯಾಯಿತಿ ಬೋರ್ಡು ಹಾಕುತ್ತಾರೆ, ಮಾರನೇ ದಿನ ಎದುರಿನವರೂ ಹಾಕುತ್ತಾರೆ. ತಿಂಗಳು ಕಳೆದ ಮೇಲೆ ಇಬ್ಬರೂ "ವ್ಯಾಪಾರ ಇದೆ, ಲಾಭ ಇಲ್ಲ" ಅನ್ನುತ್ತಾರೆ. ಅಲ್ಲಿಂದ ಮುಂದೆ ತರಗತಿಯಲ್ಲಿ ಪ್ರತಿ ಸಲ ಏಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಅಂಗಡಿಗಳು ಕಲ್ಪನೆಯವು. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನೂ ನಾನೇ ಇಟ್ಟಿದ್ದೇನೆ.

ಗೇಮ್ ಥಿಯರಿ ಅಂದ್ರೆ ಚೆಸ್, ಇಸ್ಪೀಟಿನ ಲೆಕ್ಕಾನಾ?

ಹೆಸರು ಬಂದದ್ದು ಅಲ್ಲಿಂದಲೇ. ಆದರೆ ವಿಷಯ ದೊಡ್ಡದು. ನನಗೆ ಸಿಗುವುದು ನಾನು ಮಾಡಿದ್ದರ ಮೇಲೆ ಮಾತ್ರ ನಿಂತಿಲ್ಲ, ನೀವು ಮಾಡಿದ್ದರ ಮೇಲೂ ನಿಂತಿದೆ ಅನ್ನುವ ಕಡೆಯೆಲ್ಲ ಇದು ಬರುತ್ತದೆ. ರೈತ ಮಳೆ ನೋಡಿ ಬಿತ್ತಿದರೆ ಅದು ಆಟವಲ್ಲ. ರೈತ ಏನು ಬಿತ್ತುತ್ತಾನೆ ಅಂತ ಮಳೆ ಯೋಚಿಸುವುದಿಲ್ಲವಲ್ಲ! ಮೂಡಲದವರು ಬೆಲೆ ಇಳಿಸಿದರೆ ಪಡುವಲದವರು ಯೋಚಿಸುತ್ತಾರೆ. ಅದು ಆಟ.

ಲೆಕ್ಕ ಹಾಕಿ ತೋರಿಸಿ. ಬೆಲೆ ಇಳಿಸಿದರೆ ಏನಾಗುತ್ತೆ?

ಇಬ್ಬರೂ ಒಂದೇ ನಮೂನೆಯ ಸೀರೆ ಮಾರುತ್ತಾರೆ ಅಂತಿಟ್ಟುಕೊಳ್ಳಿ. ಹೋಲ್‌ಸೇಲಿನಲ್ಲಿ ಅಸಲು 700 ರೂಪಾಯಿ, ಮಾರುವ ಬೆಲೆ 1000. ಒಂದು ಸೀರೆಗೆ 300 ರೂಪಾಯಿ ಉಳಿಯುತ್ತದೆ. ಆ ಬೀದಿಗೆ ದಿನಕ್ಕೆ 60 ಗಿರಾಕಿಗಳು ಬರುತ್ತಾರೆ, ತಲೆಗೊಂದು ಸೀರೆ ಕೊಳ್ಳುತ್ತಾರೆ. ಬೆಲೆ ಸಮ ಇದ್ದರೆ ಅರ್ಧ ಅರ್ಧ, ಅಂದರೆ 30 ಮಂದಿ ಇಲ್ಲಿ, 30 ಮಂದಿ ಅಲ್ಲಿ. ಒಬ್ಬರ ಬೆಲೆ ಕಡಿಮೆಯಾದರೆ 50 ಮಂದಿ ಅಲ್ಲಿಗೆ ಹೋಗುತ್ತಾರೆ. ದುಬಾರಿ ಅಂಗಡಿಯಲ್ಲಿ 10 ಮಂದಿ ಮಾತ್ರ ಉಳಿಯುತ್ತಾರೆ. ಇವರು ಉದ್ದರಿ ಖಾತೆ ಇರುವವರು, ಹಳೇ ಪರಿಚಯದವರು. ಬೆಲೆ ಎಷ್ಟಿದ್ದರೂ ಅಂಗಡಿ ಬಿಡುವುದಿಲ್ಲ.

ಈಗ ಶೇ. 10 ರಿಯಾಯಿತಿ ಕೊಟ್ಟರೆ ಬೆಲೆ 900, ಉಳಿಯುವುದು 200. ದಿನದ ಲಾಭದ ಲೆಕ್ಕ ಹೀಗಾಗುತ್ತದೆ:

| | ಪಡುವಲ: 1000 | ಪಡುವಲ: 900 |
|---|---|---|
| ಮೂಡಲ: 1000 | ಇಬ್ಬರಿಗೂ 9,000 | ಮೂಡಲಕ್ಕೆ 3,000, ಪಡುವಲಕ್ಕೆ 10,000 |
| ಮೂಡಲ: 900 | ಮೂಡಲಕ್ಕೆ 10,000, ಪಡುವಲಕ್ಕೆ 3,000 | ಇಬ್ಬರಿಗೂ 6,000 |

ಮೂಡಲದವರ ಗಲ್ಲಾಪೆಟ್ಟಿಗೆ ಹಿಂದೆ ಕೂತು ಯೋಚಿಸಿ. ಎದುರಿನವರು 1000ದಲ್ಲೇ ಇದ್ದರೆ ನಾನು ಇಳಿಸುವುದು ಲಾಭ, 9,000 ಹೋಗಿ 10,000 ಆಗುತ್ತದೆ. ಎದುರಿನವರು ಇಳಿಸಿದ್ದರೆ ನಾನೂ ಇಳಿಸುವುದೇ ಲಾಭ, ಇಲ್ಲದಿದ್ದರೆ 3,000ಕ್ಕೆ ಕೂರಬೇಕು. ಅವರು ಏನೇ ಮಾಡಲಿ, ನಾನು ಇಳಿಸುವುದೇ ಸರಿ. ಬೀದಿಯ ಆಚೆ ಪಡುವಲದವರೂ ಇದೇ ಲೆಕ್ಕ ಹಾಕುತ್ತಿರುತ್ತಾರೆ. ಇಬ್ಬರೂ ಸರಿಯಾಗಿ ಲೆಕ್ಕ ಹಾಕಿ 6,000ಕ್ಕೆ ಬಂದು ನಿಲ್ಲುತ್ತಾರೆ. ಸುಮ್ಮನೆ ಕೂತಿದ್ದರೆ ಇಬ್ಬರಿಗೂ 9,000 ಬರುತ್ತಿತ್ತು.

ಅಂದ್ರೆ ಇಬ್ಬರೂ ದಡ್ಡರು ಅಂತಾನಾ?

ಅಲ್ಲ. ನನಗೆ ಈ ವಿಷಯ ಹಿಡಿಸಿದ್ದೇ ಇದಕ್ಕೆ. ಹೊರಗಿನಿಂದ ನೋಡುವವರು "ಹಠಕ್ಕೆ ಬಿದ್ದು ಹಾಳಾದರು" ಅನ್ನುತ್ತಾರೆ. ಪಟ್ಟಿಯಲ್ಲಿ ಹಠ ಎಲ್ಲೂ ಇಲ್ಲ, ದ್ವೇಷವೂ ಇಲ್ಲ. 6,000–6,000ದ ಮನೆಯಲ್ಲಿ ನಿಂತವರು ಒಬ್ಬೊಬ್ಬರೇ ಹೊರಗೆ ಬರಲು ನೋಡಿದರೆ 3,000ಕ್ಕೆ ಬೀಳುತ್ತಾರೆ. ಹೀಗೆ ಯಾರೊಬ್ಬರೂ ತಾವಾಗಿ ಕದಲಲು ಬಯಸದ ಜಾಗಕ್ಕೆ ನ್ಯಾಶ್ ಸಮತೋಲನ ಅಂತ ಹೆಸರು. ಇದನ್ನು 1950ರಲ್ಲಿ ಬರೆದ ಜಾನ್ ನ್ಯಾಶ್‌ಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸಮತೋಲನ ಅಂದ ಕೂಡಲೇ ಒಳ್ಳೆಯ ಜಾಗ ಅಂದುಕೊಳ್ಳಬೇಡಿ. ಕೆಸರಲ್ಲಿ ಹೂತ ಗಾಡಿಯೂ ಕದಲುವುದಿಲ್ಲ.

ಪುಸ್ತಕಗಳಲ್ಲಿ ಜೈಲು, ಕೈದಿಗಳು ಅಂತ ಇರುತ್ತಲ್ಲ, ಅದೂ ಇದೂ ಒಂದೇನಾ?

ಒಂದೇ. "ಕೈದಿಗಳ ಇಕ್ಕಟ್ಟು" ಅನ್ನುವುದು ಈ ಪಟ್ಟಿಗೆ ಬಿದ್ದ ಹೆಸರು. ಪಟ್ಟಿ ಮೊದಲು ಹುಟ್ಟಿತು, ಕಥೆ ಆಮೇಲೆ ಬಂತು. 1950ರ ಜನವರಿಯಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಇಂಥ ಒಂದು ಪಟ್ಟಿ ಮಾಡಿ ಇಬ್ಬರು ಗೆಳೆಯರನ್ನು 100 ಸಲ ಆಡಿಸಿದರು. ಅದೇ ವರ್ಷ ಆಲ್ಬರ್ಟ್ ಟಕರ್ ಅನ್ನುವ ಗಣಿತದ ಮೇಷ್ಟ್ರು ಮನಶ್ಶಾಸ್ತ್ರದವರ ಮುಂದೆ ಇದನ್ನು ವಿವರಿಸಬೇಕಾಯಿತು. ಆಗ ಅವರು ಇಬ್ಬರು ಕೈದಿಗಳ ಕಥೆ ಕಟ್ಟಿದರು. ಇಬ್ಬರೂ ಬಾಯಿಬಿಡದಿದ್ದರೆ ಇಬ್ಬರಿಗೂ ಶಿಕ್ಷೆ ಕಡಿಮೆ, ಆದರೆ ಇನ್ನೊಬ್ಬ ಏನೇ ಮಾಡಲಿ, ಬಾಯಿಬಿಡುವುದೇ ಒಬ್ಬೊಬ್ಬನಿಗೂ ಲಾಭ. ಕಥೆಯೇ ಉಳಿದುಕೊಂಡಿತು.

ಆ 100 ಆಟಗಳಲ್ಲಿ ಏನಾಯಿತು ಅನ್ನುವುದು ಸ್ವಾರಸ್ಯವಾಗಿದೆ. ಪಟ್ಟಿಯ ಲೆಕ್ಕದಂತೆ ಇಬ್ಬರೂ ಪ್ರತಿ ಸಲ ಕೈಕೊಡಬೇಕಿತ್ತು. ಆದರೆ 60 ಸಲ ಇಬ್ಬರೂ ಹೊಂದಿಕೊಂಡು ಆಡಿದ್ದರು. ನ್ಯಾಶ್ ಇದನ್ನು ನೋಡಿ, ಇದು 100 ಬೇರೆ ಬೇರೆ ಆಟಗಳಲ್ಲ, 100 ನಡೆಗಳ ಒಂದೇ ದೊಡ್ಡ ಆಟ ಅಂದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಶೇ. 10ಕ್ಕೆ ಯಾಕೆ ನಿಲ್ಲಲ್ಲ? ತಳ ಎಲ್ಲಿ?

ಶೇ. 5ರ ಬೋರ್ಡು ನೋಡಿ ಯಾರೂ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ, ಹಾಗಾಗಿ ಮೊದಲ ಏಟು ಶೇ. 10 ಆಗಿರುತ್ತದೆ. ಆದರೆ ಎರಡೂ ಕಡೆ ಬೋರ್ಡು ಬಿದ್ದ ಮೇಲೆ ಗಿರಾಕಿಗಳಿಗೆ ಹೋಲಿಸಿ ನೋಡುವ ಅಭ್ಯಾಸ ಆಗುತ್ತದೆ. ಆಮೇಲೆ 50 ರೂಪಾಯಿ ವ್ಯತ್ಯಾಸ ಸಾಕು, 10 ರೂಪಾಯಿಯೂ ಸಾಕು.

ಇಬ್ಬರೂ 900ರಲ್ಲಿದ್ದಾಗ ಮೂಡಲದವರು 850 ಮಾಡಿದರೆ 50 ಗಿರಾಕಿ, ಒಂದಕ್ಕೆ 150, ಒಟ್ಟು 7,500. ಆರು ಸಾವಿರಕ್ಕಿಂತ ಜಾಸ್ತಿ. ಪಡುವಲದವರೂ ಇಳಿಸುತ್ತಾರೆ, ಇಬ್ಬರಿಗೂ 4,500 ಆಗುತ್ತದೆ. ಅಲ್ಲಿಂದ 800ಕ್ಕೆ ಹೋದವರಿಗೆ 5,000. ಎದುರಿನವರೂ ಬಂದ ಮೇಲೆ ಇಬ್ಬರಿಗೂ 3,000.

ಇಲ್ಲಿಂದ ಮುಂದೆ ದೊಡ್ಡ ಹೆಜ್ಜೆ ಗಿಟ್ಟುವುದಿಲ್ಲ. 750ಕ್ಕೆ ಇಳಿಸಿದರೆ 50 ಗಿರಾಕಿ ಬಂದರೂ 2,500 ಅಷ್ಟೇ. ಆದರೆ ಸಣ್ಣ ಹೆಜ್ಜೆ ಗಿಟ್ಟುತ್ತದೆ. 780ಕ್ಕೆ ಮಾರಿದರೆ 4,000 ಬರುತ್ತದೆ. ಅದಕ್ಕೇ ಈ ಜಗಳ ಧುಮುಕಿ ಬೀಳುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ "ಇದೊಂದು ಸಲ" ಅನ್ನುವುದು ಲೆಕ್ಕಕ್ಕೆ ಸರಿಯಾಗಿಯೇ ಕಾಣುತ್ತದೆ.

1883ರಲ್ಲಿ ಜೋಸೆಫ್ ಬರ್ಟ್ರಾಂಡ್ ಅನ್ನುವ ಫ್ರೆಂಚ್ ಗಣಿತಜ್ಞ ಹೇಳಿದ್ದು ಇದನ್ನೇ. ಸರಕು ಒಂದೇ ಆಗಿದ್ದು ಗಿರಾಕಿಗಳೆಲ್ಲ ಅಗ್ಗದ ಕಡೆಗೇ ಹೋಗುವುದಾದರೆ, ಇಬ್ಬರೇ ಮಾರುವವರಿದ್ದರೂ ಬೆಲೆ ಅಸಲಿಗೆ ಬಂದು ನಿಲ್ಲುತ್ತದೆ. ನಮ್ಮ ಬೀದಿಯಲ್ಲಿ 700ರ ತನಕ ಹೋಗುವುದಿಲ್ಲ. ಕಾರಣ ಆ ಹತ್ತು ಹಳೇ ಗಿರಾಕಿಗಳು. 760ರಲ್ಲಿ ಅಗ್ಗದ ಅಂಗಡಿ ಅನ್ನಿಸಿಕೊಂಡು 50 ಸೀರೆ ಮಾರಿದರೂ ಉಳಿಯುವುದು 3,000. ಬೋರ್ಡು ಕಿತ್ತು ಹಾಕಿ, 1000ಕ್ಕೆ ಹತ್ತೇ ಮಂದಿಗೆ ಮಾರಿದರೂ 3,000! ಆ ಹೊತ್ತಿಗೆ ಯಾರಾದರೊಬ್ಬರು "ಇದು ಬೇಡ" ಅಂತ ಬೋರ್ಡು ಇಳಿಸುತ್ತಾರೆ. ಅದನ್ನು ನೋಡಿ ಎದುರಿನವರು 950ಕ್ಕೆ ಏರಿಸುತ್ತಾರೆ. ಐವತ್ತು ಮಂದಿ ಹೇಗೂ ಅವರ ಕಡೆಗೇ ಬರುತ್ತಾರಲ್ಲ. ಆಮೇಲೆ ಇಳಿತ ಮತ್ತೆ ಮೊದಲಿನಿಂದ.

ಹೀಗೆ ಮೆಲ್ಲಗೆ ಇಳಿದು ಒಮ್ಮೆಲೇ ಹಾರುವ ಬೆಲೆಗೆ ಎಜ್‌ವರ್ತ್ ಚಕ್ರ ಅಂತ ಹೆಸರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಪೆಟ್ರೋಲ್ ಬಂಕುಗಳ ಬೆಲೆಯಲ್ಲಿ ಇದು ಗರಗಸದ ಹಲ್ಲಿನ ಹಾಗೆ ಎದ್ದು ಕಂಡಿದೆ. ಅಲ್ಲಿ ಎಷ್ಟೋ ವರ್ಷ ವಾರದಲ್ಲಿ ಒಂದು ದಿನ ಏರುತ್ತಿತ್ತು, ಉಳಿದ ದಿನ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು.

ನಿಜವಾಗಿ ಹೀಗಾದ ಎರಡು ಅಂಗಡಿ ಇವೆಯಾ?

2012ರಲ್ಲಿ ನ್ಯೂಯಾರ್ಕಿನ ಆರನೇ ಅವೆನ್ಯೂದಲ್ಲಿ ಇಂಥದೊಂದು ಸುದ್ದಿಯಾಗಿತ್ತು. ಹತ್ತಿರ ಹತ್ತಿರ ಇದ್ದ ಎರಡು ಅಂಗಡಿಗಳು ಒಂದು ತುಂಡು ಪಿಜ್ಜಾವನ್ನು 1 ಡಾಲರಿಗೆ ಮಾರುತ್ತಿದ್ದವು. ಒಂದರ ಹೆಸರು ಟು ಬ್ರೋಸ್, ಇನ್ನೊಂದರ ಹೆಸರಲ್ಲಿ ಬಾಂಬೆ ಫಾಸ್ಟ್ ಫುಡ್ ಅಂತಿತ್ತು. ಬೆಲೆ ಮೊದಲು 79 ಸೆಂಟ್, ಆಮೇಲೆ 75 ಸೆಂಟ್ ಆಯಿತು. 79ರಿಂದ 75ಕ್ಕೆ ಬಂದ ಆ ನಾಲ್ಕು ಸೆಂಟ್ ಗಮನಿಸಿ. ಮೆಟ್ಟಿಲು ಅಂದದ್ದು ಇದಕ್ಕೇ.

ನಷ್ಟ ಆಗ್ತಿದ್ರೂ ಬಾಗಿಲು ಯಾಕೆ ಹಾಕಲ್ಲ?

ಬಾಡಿಗೆ, ಕೆಲಸದವರ ಸಂಬಳ ಸೇರಿ ದಿನಕ್ಕೆ 4,000 ಖರ್ಚು ಅಂತಿಟ್ಟುಕೊಳ್ಳಿ. 800ರ ಬೆಲೆಗೆ 3,000 ಬಂದರೆ ದಿನಕ್ಕೆ ಸಾವಿರ ಕೈಯಿಂದ ಹೋಗುತ್ತದೆ. ಬಾಗಿಲು ಹಾಕಿದರೂ ಬಾಡಿಗೆ, ಸಂಬಳ ತಪ್ಪುವುದಿಲ್ಲ, ಆಗ ಹೋಗುವುದು ನಾಲ್ಕು ಸಾವಿರ. ಹಾಗಾಗಿ ಬಾಡಿಗೆ ಕರಾರು ಮುಗಿಯುವ ತನಕ ತೆರೆದಿಟ್ಟೇ ಇರುತ್ತಾರೆ. ಜಗಳ ಇಷ್ಟು ದಿನ ಎಳೆಯುವುದಕ್ಕೆ ಇದೂ ಒಂದು ಕಾರಣ.

ಆದರೆ ಎಷ್ಟೋ ಬೀದಿಗಳಲ್ಲಿ ಅಂಗಡಿಯವರು ಜಗಳವಿಲ್ಲದೆ ಇದ್ದಾರಲ್ಲ?

ಒಳ್ಳೆಯ ಪ್ರಶ್ನೆ. ನ್ಯಾಶ್ ಹೇಳಿದ ಮಾತಿಗೆ ವಾಪಸ್ ಬನ್ನಿ. ಮೇಲಿನ ಪಟ್ಟಿ ಒಂದು ದಿನದ್ದು. ಅಂಗಡಿಯವರು ನಾಳೆಯೂ ಅದೇ ಬೀದಿಯಲ್ಲಿ ಬಾಗಿಲು ತೆಗೆಯಬೇಕು.

ಇಬ್ಬರೂ 1000ದಲ್ಲಿದ್ದಾರೆ. ಮೂಡಲದವರು ಇವತ್ತು ಇಳಿಸಿದರೆ ಇವತ್ತಿಗೆ ಸಾವಿರ ಜಾಸ್ತಿ ಸಿಗುತ್ತದೆ. ನಾಳೆ ಪಡುವಲದವರೂ ಇಳಿಸುತ್ತಾರೆ. ನಾಳೆಯಿಂದ ದಿನಾ 9,000ದ ಬದಲು 6,000, ಅಂದರೆ ದಿನಕ್ಕೆ 3,000 ನಷ್ಟ. ಒಂದು ದಿನದ ಸಾವಿರಕ್ಕೆ ದಿನಾ ಮೂರು ಸಾವಿರ ಯಾರು ಕೊಡುತ್ತಾರೆ? ಬಾಯಿಬಿಟ್ಟು ಏನೂ ಹೇಳದೆ, ಬರೀ ಈ ಭಯದಿಂದಲೇ ಇಬ್ಬರೂ 1000ದಲ್ಲಿ ನಿಲ್ಲಬಹುದು.

ಇದು ನಿಲ್ಲಬೇಕಾದರೆ ಎರಡು ವಿಷಯ ಬೇಕು. ನಾಳೆ ಅನ್ನುವುದು ಇರಬೇಕು. ಮತ್ತೆ, ಎದುರಿನವರ ಬೆಲೆ ಬೇಗ ಕಣ್ಣಿಗೆ ಬೀಳಬೇಕು. ಬೆಲೆ ಇಳಿಸಿದ್ದು ಗೊತ್ತಾಗಲು ಒಂದು ವಾರ ಹಿಡಿದರೆ ಇಳಿಸಿದವರಿಗೆ ಸಿಗುವುದು ಸಾವಿರವಲ್ಲ, ಏಳು ಸಾವಿರ. ಗೊತ್ತೇ ಆಗದಿದ್ದರೆ ದಿನಾ ಸಾವಿರ. ಬೋರ್ಡಿನ ಮೇಲೆ ಬರೆದ ರಿಯಾಯಿತಿಗಿಂತ ಗಲ್ಲಾ ಹತ್ತಿರ ಮೆಲ್ಲಗೆ "ನಿಮಗಂತ ಇನ್ನೂರು ಬಿಡ್ತೀನಿ" ಅನ್ನುವ ರಿಯಾಯಿತಿ ಈ ಹೊಂದಾಣಿಕೆಗೆ ಹೆಚ್ಚು ಅಪಾಯ.

ಹಾಗಾದ್ರೆ ಜಗಳ ಶುರುವಾಗೋದೇ ಯಾಕೆ?

ಬಹಳ ಸಲ ತಪ್ಪು ತಿಳಿವಳಿಕೆಯಿಂದ. ಪಡುವಲದವರು ಏನೂ ಮಾಡಿಲ್ಲ. ಆದರೆ ಮೂಡಲ ಅಂಗಡಿಗೆ ಈ ವಾರ 30ರ ಬದಲು 20 ಗಿರಾಕಿ ಬಂದರು. ಮಳೆ ಕೈಕೊಟ್ಟಿತೋ, ಶಾಲೆ ಶುರುವಾಗಿ ಜನರ ಹತ್ತಿರ ದುಡ್ಡಿಲ್ಲವೋ, ಅಥವಾ ಎದುರಿನವರು ಒಳಗೊಳಗೇ ಕಡಿಮೆಗೆ ಕೊಡುತ್ತಿದ್ದಾರೋ? ಗಲ್ಲಾದಲ್ಲಿ ಕೂತವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಅನುಮಾನ ಬಂದು ಬೆಲೆ ಇಳಿಸುತ್ತಾರೆ.

ಎಡ್ವರ್ಡ್ ಗ್ರೀನ್ ಮತ್ತು ರಾಬರ್ಟ್ ಪೋರ್ಟರ್ ಅನ್ನುವ ಅರ್ಥಶಾಸ್ತ್ರಜ್ಞರು 1984ರಲ್ಲಿ ಇದನ್ನೇ ಲೆಕ್ಕದಲ್ಲಿ ಬರೆದರು. ಅವರು ಒಂದು ಹೆಜ್ಜೆ ಮುಂದೆ ಹೋದರು. ಯಾರೂ ಮೋಸ ಮಾಡದಿದ್ದರೂ ವ್ಯಾಪಾರ ಬಿದ್ದಾಗ ಜಗಳ ಆಗಲೇಬೇಕು. "ಪಾಪ, ಮಳೆ ಇಲ್ಲ" ಅಂತ ಪ್ರತಿ ಸಲ ಸುಮ್ಮನಿದ್ದರೆ, ಮಳೆಯ ಹೆಸರಲ್ಲಿ ಎದುರಿನವರು ನಿಜವಾಗಿಯೂ ಮೋಸ ಶುರುಮಾಡುತ್ತಾರೆ.

ನಿಮ್ಮ ಬೀದಿಯಲ್ಲಿ ಆಗಿದ್ದು ಯಾವುದು ಅಂತ ತಿಳಿಯಲು ಒಂದು ದಾರಿ ಇದೆ. ಎದುರಿನ ಅಂಗಡಿಗೆ ಹೋಗಿ ಬರುವ ಚೀಲಗಳನ್ನು ನೋಡಿ. ಅಲ್ಲೂ ಜನ ಕಡಿಮೆ ಇದ್ದರೆ ತಪ್ಪು ಮಳೆಯದು. ನಿಮ್ಮಲ್ಲಿ ಕಡಿಮೆಯಾದ ಹತ್ತು ಜನ ಅಲ್ಲಿ ಜಾಸ್ತಿಯಾಗಿದ್ದರೆ ಬೆಲೆಯದು. ಪಕ್ಕದ ಚಪ್ಪಲಿ ಅಂಗಡಿಯವರನ್ನೂ ಕೇಳಿ. ಅವರಿಗೂ ವ್ಯಾಪಾರ ಇಲ್ಲವೆಂದರೆ ಸೀರೆ ಬೆಲೆಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಕಾರಣ, ನಾಳೆ ಅನ್ನುವುದು ಸಣ್ಣದಾಗುವುದು. ಒಬ್ಬರು ಮುಂದಿನ ತಿಂಗಳು ಅಂಗಡಿ ಮುಚ್ಚುತ್ತಾರೆ ಅಂದರೆ ಅವರಿಗೆ ಭಯವೇ ಇಲ್ಲ. ಹಬ್ಬದ ಹಿಂದಿನ ದಿನವೂ ಹಾಗೆಯೇ. ಅವತ್ತು ಬೀದಿಗೆ 600 ಜನ ಬಂದರೆ ಇವತ್ತು ಇಳಿಸಿದವರಿಗೆ ಸಿಗುವುದು ಸಾವಿರವಲ್ಲ, ಹತ್ತು ಸಾವಿರ. ಕಳೆದುಕೊಳ್ಳುವುದು ಮಾತ್ರ ಮುಂದಿನ ಮಾಮೂಲಿ ದಿನಗಳ ಮೂರು ಮೂರು ಸಾವಿರ. ವ್ಯಾಪಾರ ಚೆನ್ನಾಗಿರುವಾಗಲೇ ಆಸೆ ಜಾಸ್ತಿ.

ಆಷಾಢ ಸೇಲ್ ಕೂಡ ಇದೇನಾ?

ಶುರುವಾಗುವುದು ಹಾಗಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಗಿರಾಕಿ ಇಲ್ಲ. ಶ್ರಾವಣಕ್ಕೆ ಹೊಸ ಸ್ಟಾಕ್ ಬರಬೇಕು, ಹಳೆಯದು ಖಾಲಿಯಾಗಬೇಕು. ಬೀದಿಯಲ್ಲಿ ಒಂದೇ ಅಂಗಡಿ ಇದ್ದರೂ ಅವರು ರಿಯಾಯಿತಿ ಕೊಡುತ್ತಿದ್ದರು. ಎದುರಿನವರು ಇಲ್ಲದಿದ್ದರೂ ಮಾಡುವ ಕೆಲಸ ಆಟವಲ್ಲ. ಆದರೆ ಶ್ರಾವಣ ಬಂದ ಮೇಲೂ, ಹೊಸ ಸ್ಟಾಕಿನ ಮೇಲೂ ಬೋರ್ಡು ಉಳಿದರೆ ಆಗ ಅನುಮಾನಪಡಿ. ಬೆಲೆ ಚೀಟಿಯ ಮೇಲೆ 1300 ಬರೆದು ಶೇ. 20 ಬಿಟ್ಟು 1040ಕ್ಕೆ ಮಾರುವ ಅಂಗಡಿಗಳು ಈ ಜಗಳದಲ್ಲೇ ಇಲ್ಲ, ಅವರದು ಬೇರೆಯೇ ಆಟ.

"ಏಟಿಗೆ ಏಟು" ಅಂತ ಒಂದು ತಂತ್ರ ಇದೆಯಂತೆ?

ಇದೆ. 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಅನ್ನುವ ಪ್ರಾಧ್ಯಾಪಕರು ಈ ಆಟವನ್ನು ಮತ್ತೆ ಮತ್ತೆ ಆಡುವ ಕಂಪ್ಯೂಟರ್ ಪ್ರೋಗ್ರಾಮುಗಳ ಪಂದ್ಯ ಇಟ್ಟರು. ಮೊದಲ ಪಂದ್ಯಕ್ಕೆ 14 ಬಂದವು. ಗೆದ್ದದ್ದು ಎಲ್ಲಕ್ಕಿಂತ ಚಿಕ್ಕದು, ಅನಟೋಲ್ ರಾಪೊಪೋರ್ಟ್ ಕಳಿಸಿದ್ದು. ಮೊದಲ ಸಲ ಹೊಂದಿಕೊಳ್ಳುವುದು, ಆಮೇಲೆ ಎದುರಿನವರು ಕಳೆದ ಸಲ ಮಾಡಿದ್ದನ್ನೇ ಮಾಡುವುದು, ಅಷ್ಟೇ. ಫಲಿತಾಂಶ ಎಲ್ಲರಿಗೂ ತಿಳಿಸಿ ಎರಡನೇ ಪಂದ್ಯ ಇಟ್ಟಾಗ 62 ಬಂದವು. ಗೆದ್ದದ್ದು ಮತ್ತೆ ಅದೇ.

ಅಂಗಡಿಯವರು ಇದನ್ನು ಹಾಗೇ ಎತ್ತಿಕೊಳ್ಳಬಾರದು. ಆ ಪಂದ್ಯದಲ್ಲಿ ಎದುರಿನವರು ಏನು ಮಾಡಿದರು ಅನ್ನುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಬೀದಿಯಲ್ಲಿ ಕಾಣುವುದಿಲ್ಲ. ಇಬ್ಬರೂ ಏಟಿಗೆ ಏಟು ಆಡುತ್ತಿದ್ದು, ಒಬ್ಬರು ಒಮ್ಮೆ ತಪ್ಪು ತಿಳಿದು ಇಳಿಸಿದರೆ, ಆ ಏಟು ಇಬ್ಬರ ನಡುವೆ ಚೆಂಡಿನ ಹಾಗೆ ಓಡಾಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ಯಾರಾದರೂ ಒಂದು ಏಟನ್ನು ನುಂಗಿಕೊಳ್ಳಬೇಕು.

ನುಂಗಿಕೊಳ್ಳೋದು ಅಂದ್ರೆ ಎಷ್ಟು? ಹೊರಗೆ ಬರೋ ದಾರಿಗೂ ಲೆಕ್ಕ ಇದೆಯಾ?

ಇದೆ. ಇಬ್ಬರೂ 850ರಲ್ಲಿ ಸಿಕ್ಕಿಬಿದ್ದು ದಿನಕ್ಕೆ 4,500 ಎಣಿಸುತ್ತಿದ್ದಾರೆ ಅನ್ನಿ. ಮೂಡಲದವರು 900ಕ್ಕೆ ಏರಿಸಿ, ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸುತ್ತಾರೆ. ಹತ್ತೇ ಗಿರಾಕಿ ಉಳಿದು 2,000 ಬರುತ್ತದೆ. ದಿನಕ್ಕೆ 2,500 ಹೋಯಿತು. ಮೂರು ದಿನ ಕಾದರೆ 7,500. ಅಷ್ಟರಲ್ಲಿ ಪಡುವಲದವರೂ 900ಕ್ಕೆ ಬಂದರೆ ಇಬ್ಬರಿಗೂ 6,000, ಅಂದರೆ ಮೊದಲಿಗಿಂತ 1,500 ಜಾಸ್ತಿ. ಐದು ದಿನದಲ್ಲಿ ಕಳೆದದ್ದು ವಾಪಸ್.

ಪಡುವಲದವರು ಯಾಕೆ ಬರಬೇಕು? ಸುಮ್ಮನೆ 850ರಲ್ಲೇ ಇದ್ದರೆ ಅವರಿಗೆ 7,500 ಬರುತ್ತಿದೆಯಲ್ಲ? ಮೂಡಲದವರು ಮತ್ತೆ ಇಳಿಸುತ್ತಾರೆ ಅನ್ನುವುದು ಅವರಿಗೆ ಖಾತ್ರಿ ಇದ್ದರೆ ಮಾತ್ರ ಬರುತ್ತಾರೆ. ಹಾಗಾಗಿ ಪಡುವಲದವರು ಬಾರದಿದ್ದರೆ ಮೂಡಲದವರು ನಾಲ್ಕನೇ ದಿನ ಇಳಿಸಲೇಬೇಕು. ಮುಖ ನೋಡಿ ಇನ್ನೂ ಎರಡು ದಿನ ಅಂತ ಎಳೆದರೆ ಆ 7,500 ದಂಡ. ಇದನ್ನು ಗಿರಾಕಿ ಕಡಿಮೆ ಇರುವ ವಾರದಲ್ಲಿ ಮಾಡಬೇಕು, ನುಂಗುವುದು ಕಡಿಮೆಯಾಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ವಾರ ಬೇಡ. ಒಂದೇ ಸಲ 1000ಕ್ಕೆ ಹಾರುವುದೂ ಬೇಡ. ಎದುರಿನವರಿಗೆ ಅದು ಕರೆದ ಹಾಗೆ ಕಾಣುವುದಿಲ್ಲ, ಸೋತು ಬೋರ್ಡು ಕಿತ್ತ ಹಾಗೆ ಕಾಣುತ್ತದೆ.

"ಬೇರೆ ಕಡೆ ಕಡಿಮೆಗೆ ಸಿಕ್ಕರೆ ವ್ಯತ್ಯಾಸ ವಾಪಸ್" ಅನ್ನೋ ಬೋರ್ಡು ಗಿರಾಕಿಗೆ ಒಳ್ಳೇದಲ್ವಾ?

ಓದಲು ಬಹಳ ಒಳ್ಳೆಯದು. ಪಟ್ಟಿಯಲ್ಲಿಟ್ಟು ನೋಡಿ. ಪಡುವಲದವರು ಈ ಬೋರ್ಡು ಹಾಕಿದ್ದಾರೆ. ಮೂಡಲದವರು 900ಕ್ಕೆ ಇಳಿಸಿದರೆ ಪಡುವಲದ ಬೆಲೆಯೂ ಆ ಕ್ಷಣಕ್ಕೇ 900 ಆದ ಹಾಗೆ. ಗಿರಾಕಿಗಳು ಕದಲುವುದೇ ಇಲ್ಲ. ಮೂಡಲಕ್ಕೆ 10,000 ಸಿಗುವ ಮನೆಯೇ ಪಟ್ಟಿಯಿಂದ ಅಳಿಸಿಹೋಯಿತು. ಉಳಿದದ್ದು 9,000 ಇಲ್ಲವೇ 6,000. ಇನ್ನು ಮೂಡಲದವರು ಯಾಕೆ ಇಳಿಸುತ್ತಾರೆ? ಬೋರ್ಡು ಗಿರಾಕಿ ಕಡೆಗೆ ಮುಖ ಮಾಡಿದ್ದರೂ ಅದನ್ನು ಓದಬೇಕಾದವರು ಎದುರಿನ ಅಂಗಡಿಯವರು.

ಇದು ನಡೆಯುವುದು ಗಿರಾಕಿಗಳು ನಿಜವಾಗಿಯೂ ವ್ಯತ್ಯಾಸ ಕೇಳಿ ತೆಗೆದುಕೊಂಡರೆ ಮಾತ್ರ. ಬಿಲ್ಲು ತನ್ನಿ, ಅದೇ ನಂಬರಿನ ಸೀರೆ ಆಗಿರಬೇಕು ಅಂತ ಷರತ್ತು ಹಾಕಿದರೆ ಯಾರೂ ಕೇಳುವುದಿಲ್ಲ. ಬೋರ್ಡಿಗೆ ಬೆಲೆ ಇರುವುದಿಲ್ಲ.

ಇಷ್ಟೆಲ್ಲ ಯಾಕೆ? ಇಬ್ಬರೂ ಕೂತು ಮಾತಾಡಿಕೊಂಡ್ರೆ ಆಯ್ತಲ್ಲ?

ಅದು ಕಾನೂನಿಗೆ ವಿರುದ್ಧ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪೈಪೋಟಿಯಲ್ಲಿರುವವರು ಬೆಲೆ ಬಗ್ಗೆ ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ. ಕಾಗದದಲ್ಲಿ ಬರೆಯದೆ ಬರೀ ಮಾತಿನಲ್ಲಿ ಆದ ಹೊಂದಾಣಿಕೆಯೂ ಒಪ್ಪಂದವೇ. ಎದುರಿನ ಬೋರ್ಡು ನೋಡಿ ನಿಮ್ಮಷ್ಟಕ್ಕೆ ನೀವು ಬೆಲೆ ಇಡುವುದು ಬೇರೆ, ಟೀ ಕುಡಿಯುತ್ತಾ "ಸಾವಿರಕ್ಕಿಂತ ಕೆಳಗೆ ಬೇಡ" ಅನ್ನುವುದು ಬೇರೆ. ಇನ್ನು, ಮಾತಾಡಿಕೊಂಡರೂ ಪಟ್ಟಿ ಬದಲಾಗುವುದಿಲ್ಲ. ಮಾತು ಕೊಟ್ಟು ಬಂದವರಿಗೂ ಮಾರನೇ ದಿನ ಆ 10,000ದ ಮನೆ ಅಲ್ಲೇ ಕಾಣುತ್ತಿರುತ್ತದೆ.

ಬೆಲೆ ಇಳಿಸಿದ್ರೆ ಹೊಸ ಗಿರಾಕಿಗಳು ಬರಲ್ವಾ? ನೀವು 60 ಅಂತ ಕಟ್ಟಿಹಾಕಿದ್ದೀರಿ.

ಹೌದು, ಈ ಲೆಕ್ಕದ ದೊಡ್ಡ ಮಿತಿ ಅದೇ. ಬೆಲೆ 900 ಆದ ಕೂಡಲೇ ಸುತ್ತಲಿನ ಹಳ್ಳಿಗಳಿಂದಲೂ ಜನ ಬಂದು 60 ಹೋಗಿ 90 ಆದರೆ, ಇಬ್ಬರೂ 900ರಲ್ಲಿದ್ದಾಗ ತಲಾ 45 ಗಿರಾಕಿ, ತಲಾ 9,000. ಯಾರಿಗೂ ನಷ್ಟವಿಲ್ಲ. ತೊಂಬತ್ತಕ್ಕಿಂತ ಜಾಸ್ತಿಯಾದರೆ ಇಬ್ಬರಿಗೂ ಲಾಭ. ಆಗ ಅದು ಇಕ್ಕಟ್ಟೇ ಅಲ್ಲ, ಮೊದಲಿನ 1000 ತೀರಾ ದುಬಾರಿಯಾಗಿತ್ತು ಅಷ್ಟೇ. ಹಾಗಾಗಿ ಬೋರ್ಡು ಹಾಕಿದ ವಾರ ಎಷ್ಟು ಸೀರೆ ಹೋಯಿತು ಅಂತ ಮಾತ್ರ ಎಣಿಸಬೇಡಿ. ಬಂದವರಲ್ಲಿ ಎದುರಿನ ಅಂಗಡಿಯಿಂದ ಬಂದವರೆಷ್ಟು, ಹೊಸಬರೆಷ್ಟು ಅಂತ ಬರೆದಿಡಿ. ಗಲ್ಲಾದಲ್ಲಿ ಕೂತವರಿಗೆ ಮುಖಗಳ ಗುರುತು ಇದ್ದೇ ಇರುತ್ತದೆ.